ರಾತ್ರಿ ಕಟ್ಟೆಯ ಮೇಲೇ ಉಳಿದ ನೂಡಲ್ಸ್: ಬೆಳಿಗ್ಗೆ ಕುದಿಸಿದರೆ ಸಾಕೇ?

ಕಾರವಾರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಒಂದು ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬಂದು ಕೇಳಿದಳು: “ಅಕ್ಕಾ, ರಾತ್ರಿ ಮಾಡಿದ ನೂಡಲ್ಸ್ ಬಾಣಲೆಯಲ್ಲೇ ಉಳಿದುಬಿಟ್ಟಿದೆ. ವಾಸನೆ ಏನೂ ಬಂದಿಲ್ಲ. ಚೆನ್ನಾಗಿ ಬಿಸಿ ಮಾಡಿ ಮಕ್ಕಳಿಗೆ ಕೊಟ್ರೆ ಎಂತ ಆಗ್ತದೆ?”

ಕೊಡಬೇಡ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಕುದಿಸಿದರೆ ಎಲ್ಲ ಸಾಯುತ್ತದೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ನೀರಿನ ಮಟ್ಟಿಗೆ ಅದು ಬಹುಪಾಲು ನಿಜ. ರಾತ್ರಿಯಿಡೀ ಹೊರಗಿದ್ದ ಪಾಸ್ತಾ, ನೂಡಲ್ಸ್, ಅನ್ನದ ಮಟ್ಟಿಗೆ ಅಲ್ಲ. ಯಾಕೆ ಎಂಬುದು ಗೊತ್ತಾದರೆ ಉಳಿದದ್ದನ್ನು ಹೇಗೆ ಇಡಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಮೊದಲು ಕಾರಣ, ಆಮೇಲೆ ಕ್ರಮ.

ಕುದಿತದಲ್ಲಿ ಏನು ಉಳಿಯುತ್ತದೆ

ಮಣ್ಣಿನಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಗೋಧಿ, ಅಕ್ಕಿ, ಮಸಾಲೆ ಪುಡಿಗಳ ಜೊತೆ ಅದು ಅಡುಗೆಮನೆಗೂ ಬರುತ್ತದೆ. ಪರಿಸ್ಥಿತಿ ಕೆಟ್ಟಾಗ ಇದು ಗಟ್ಟಿ ಕವಚ ಕಟ್ಟಿಕೊಂಡು ಬೀಜಕವಾಗಿ ಕೂರುತ್ತದೆ. ಕಣಜದಲ್ಲಿಟ್ಟ ಬಿತ್ತನೆ ಭತ್ತವನ್ನು ನೆನಪಿಸಿಕೊಳ್ಳಿ. ಒಣಗಿ ಸುಮ್ಮನೆ ಬಿದ್ದಿರುತ್ತದೆ, ನೆನೆಹಾಕಿ ಬೆಚ್ಚಗಿಟ್ಟರೆ ಮೊಳಕೆ ಒಡೆಯುತ್ತದೆ. ಬೀಜಕವೂ ಹಾಗೆಯೇ. ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ ಬೆಂದರೂ ಒಂದಷ್ಟು ಬೀಜಕ ಉಳಿದೇ ಉಳಿಯುತ್ತದೆ.

ಅಷ್ಟೇ ಅಲ್ಲ, ಆ ಬಿಸಿ ಅದಕ್ಕೆ ಎರಡು ಉಪಕಾರ ಮಾಡುತ್ತದೆ. ಮಲಗಿದ್ದ ಬೀಜಕವನ್ನು ಎಬ್ಬಿಸುತ್ತದೆ, ಜೊತೆಗೆ ಅದರೊಡನೆ ಪೈಪೋಟಿ ಮಾಡಬಹುದಾಗಿದ್ದ ಬೇರೆ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಂದುಹಾಕುತ್ತದೆ. ಕಳೆ ಕಿತ್ತು, ನೀರು ಕಟ್ಟಿ, ಗದ್ದೆ ಹದ ಮಾಡಿಕೊಟ್ಟಂತೆ. ಬೆಂದ ಪಾಸ್ತಾದಲ್ಲಿ ಪಿಷ್ಟ ಇದೆ, ತೇವ ಇದೆ. ಇನ್ನು ಬೇಕಾದದ್ದು ಬೆಚ್ಚಗಿನ ಜಾಗ ಮತ್ತು ಸಮಯ, ಅವೆರಡನ್ನೂ ನಮ್ಮ ಅಡುಗೆ ಕಟ್ಟೆ ಒದಗಿಸುತ್ತದೆ.

ಎದ್ದ ಬ್ಯಾಕ್ಟೀರಿಯಾ ಬೆಳೆದು ಸಂಖ್ಯೆ ಹೆಚ್ಚಿದಾಗ, ಅದರ ಕೆಲವು ತಳಿಗಳು ಸೆರ್ಯುಲೈಡ್ ಎಂಬ ವಿಷವನ್ನು ಆಹಾರದಲ್ಲೇ ಬಿಡುತ್ತವೆ. ಅಡುಗೆಮನೆಯ ಯಾವ ಬಿಸಿಗೂ ಈ ವಿಷ ಜಗ್ಗುವುದಿಲ್ಲ. ಪ್ರಯೋಗಾಲಯದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂದರೆ ಪ್ರೆಶರ್ ಕುಕ್ಕರ್‌ನಷ್ಟೇ ಕಾವಿನಲ್ಲಿ, ಒಂದು ಗಂಟೆಗೂ ಹೆಚ್ಚು ಕಾಯಿಸಿದರೂ ಉಳಿದಿದೆ. ಹೊಟ್ಟೆಯ ಆಮ್ಲವೂ ಅದನ್ನು ಒಡೆಯುವುದಿಲ್ಲ. ಬೆಳಿಗ್ಗೆ ನೀವು ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ರಾತ್ರಿ ಮಾಡಿಟ್ಟ ವಿಷ ತಟ್ಟೆಯಲ್ಲೇ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಮೂಸಿ ನೋಡಿ ಪರವಾಗಿಲ್ಲ ಎನ್ನುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ.

2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಗೆಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಂಡು ತಿಂದ. ಅರ್ಧ ಗಂಟೆಗೆ ತಲೆನೋವು, ಹೊಟ್ಟೆನೋವು ಶುರುವಾಯಿತು. ಆಮೇಲೆ ಗಂಟೆಗಟ್ಟಲೆ ವಾಂತಿ. ನೀರು ಕುಡಿದು ಮಲಗಿದವನು ಮರುದಿನ ಏಳಲಿಲ್ಲ. ಶವಪರೀಕ್ಷೆಯಲ್ಲಿ ಲಿವರ್‌ನ ಜೀವಕೋಶಗಳು ಸತ್ತಿದ್ದು ಕಂಡಿತು. ಉಳಿದ ಸ್ಪಗೆಟಿಯಲ್ಲಿ ಇದೇ ಬ್ಯಾಕ್ಟೀರಿಯಾ ಹೇರಳವಾಗಿ ಸಿಕ್ಕಿತು. ಒಂದು ರಾತ್ರಿಯ ನೂಡಲ್ಸ್‌ಗೂ ಐದು ದಿನದ ಸ್ಪಗೆಟಿಗೂ ಬಹಳ ಅಂತರವಿದೆ. ಹೆಚ್ಚಿನವರಿಗೆ ಈ ವಿಷದಿಂದ ಒಂದು ದಿನದ ವಾಂತಿ, ಸುಸ್ತು ಆಗಿ ಮುಗಿಯುತ್ತದೆ. ಆದರೆ ಬಿಸಿ ಮಾಡಿದ್ದು ಆ ಹುಡುಗನನ್ನು ಕಾಪಾಡಲಿಲ್ಲ ಎಂಬುದನ್ನು ಮರೆಯಬಾರದು.

ಒಂದು ರಾತ್ರಿಯ ಲೆಕ್ಕ

ಪಕ್ಕದ ಮನೆಯ ಬಾಣಲೆಯನ್ನೇ ತೆಗೆದುಕೊಳ್ಳೋಣ. ರಾತ್ರಿ 9ಕ್ಕೆ ಮಾಡಿದ್ದು, ಮುಚ್ಚಳ ಮುಚ್ಚಿ ಕಟ್ಟೆಯ ಮೇಲಿಟ್ಟದ್ದು. ಮೇ ತಿಂಗಳು. ಸೆಕೆಯಲ್ಲಿ ಅಡುಗೆಮನೆ ರಾತ್ರಿಯಲ್ಲೂ 28-30 ಡಿಗ್ರಿ. ಆಳದ ಪಾತ್ರೆಯಲ್ಲಿ ಮುಚ್ಚಿಟ್ಟ ನೂಡಲ್ಸ್ ಮೇಲೆ ತಣ್ಣಗಾದರೂ ನಡುವೆ ಬಹಳ ಹೊತ್ತು ಬೆಚ್ಚಗಿರುತ್ತದೆ. ನಾನೊಮ್ಮೆ ಅಡುಗೆ ಥರ್ಮಾಮೀಟರ್ ಚುಚ್ಚಿ ನೋಡಿದ್ದೆ: ಎರಡು ಗಂಟೆ ಕಳೆದರೂ ನಡುವೆ 48 ಡಿಗ್ರಿ ಇತ್ತು. ಅದೇ ಪ್ರಮಾಣವನ್ನು ಹರಿವಾಣದಲ್ಲಿ ತೆಳುವಾಗಿ ಹರಡಿ ಫ್ಯಾನಿನ ಕೆಳಗಿಟ್ಟಾಗ ಅರ್ಧ ಗಂಟೆಯಲ್ಲಿ 34ಕ್ಕೆ ಇಳಿಯಿತು.

ಒಂದು ಗ್ರಾಂ ನೂಡಲ್ಸ್‌ನಲ್ಲಿ 10 ಬೀಜಕ ಉಳಿದಿವೆ ಎಂದುಕೊಳ್ಳಿ. ಮಧ್ಯರಾತ್ರಿಗೆ ಅವು ಮೊಳೆತು ಬೆಳೆಯಲು ಶುರು ಮಾಡಿದವು, ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತಿವೆ. ಬೆಳಿಗ್ಗೆ 7ಕ್ಕೆ 14 ಸಲ ಇಮ್ಮಡಿಯಾಗಿ ಸುಮಾರು 1.6 ಲಕ್ಷ. 9ಕ್ಕೆ 26 ಲಕ್ಷ. ಕಾಯಿಲೆ ತಂದ ಆಹಾರಗಳಲ್ಲಿ ಸಾಮಾನ್ಯವಾಗಿ ಗ್ರಾಂಗೆ ಒಂದು ಲಕ್ಷ ದಾಟಿದ ಸಂಖ್ಯೆ ಸಿಗುತ್ತದೆ. ಇದು ಕಾಗದದ ಲೆಕ್ಕ, ಪ್ರತಿ ಬಾಣಲೆಯಲ್ಲೂ ಹೀಗೇ ಆಗುತ್ತದೆ ಎಂದಲ್ಲ. ಎಲ್ಲ ತಳಿಯೂ ವಿಷ ಮಾಡುವುದಿಲ್ಲ. ಹತ್ತು ಸಲ ತಿಂದು ಏನೂ ಆಗದವರು ಇರುವುದು ಇದಕ್ಕೇ. ಆದರೆ ಯಾವ ಬಾಣಲೆಯಲ್ಲಿ ಯಾವ ತಳಿ ಇದೆ ಎಂದು ಮನೆಯಲ್ಲಿ ತಿಳಿಯುವ ದಾರಿಯೇ ಇಲ್ಲ.

ಶಿರಸಿ ಕಡೆಯವರು ನಮ್ಮಲ್ಲಿ ಚಳಿ, ಏನಾಗುವುದಿಲ್ಲ ಎನ್ನಬಹುದು. ಡಿಸೆಂಬರ್ ರಾತ್ರಿ ಅಡುಗೆಮನೆ 15 ಡಿಗ್ರಿಗೆ ಇಳಿದರೂ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. 2003ರಲ್ಲಿ ಬೆಲ್ಜಿಯಂನಲ್ಲೇ ಒಂದು ಮನೆಯ ಐವರು ಮಕ್ಕಳು ಪಾಸ್ತಾ ಸಲಾಡ್ ತಿಂದು ಕಾಯಿಲೆ ಬಿದ್ದರು, 7 ವರ್ಷದ ಹುಡುಗಿ ತೀರಿಕೊಂಡಳು. ಶುಕ್ರವಾರ ಮಾಡಿದ್ದು, ಶನಿವಾರ ಪಿಕ್‌ನಿಕ್‌ಗೆ ಹೋಗಿ ಬಂದದ್ದು, ಸೋಮವಾರ ರಾತ್ರಿಯವರೆಗೆ ಫ್ರಿಜ್‌ನಲ್ಲೇ ಇತ್ತು. ಆ ಫ್ರಿಜ್‌ನ ಒಳಗೆ ಇದ್ದದ್ದು 14 ಡಿಗ್ರಿ.

ಹಾಗಾದರೆ ಹೇಗೆ ಇಡಬೇಕು

1. ಗಡಿಯಾರ ನೋಡಿ. ಲೆಕ್ಕ ಶುರುವಾಗುವುದು ಒಲೆ ಆರಿಸಿದ ಹೊತ್ತಿನಿಂದ, ಊಟ ಮುಗಿದ ಹೊತ್ತಿನಿಂದಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. 32 ಡಿಗ್ರಿ ದಾಟುವ ಬೇಸಿಗೆಯಲ್ಲಿ ಒಂದೇ ಗಂಟೆ. ಕಡಲದಂಡೆಯಲ್ಲಿ ಸಂಜೆ ತಿರುಗಾಡಿ ಗಾಡಿಯಿಂದ ನೂಡಲ್ಸ್ ಪಾರ್ಸೆಲ್ ತಂದರೆ ಅದನ್ನು ಅಂದೇ ತಿಂದು ಮುಗಿಸಿ. ಗಾಡಿಯಲ್ಲಿ ಮಧ್ಯಾಹ್ನವೇ ಬೇಯಿಸಿ ಗುಡ್ಡೆ ಹಾಕಿಟ್ಟಿರುತ್ತಾರೆ, ಆ ಗಂಟೆಗಳು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ.

2. ಹರಡಿ ತಣಿಸಿ. ಬಡಿಸುವ ಮೊದಲೇ ಉಳಿಯುವಷ್ಟನ್ನು ತೆಗೆದು ಹರಿವಾಣದಲ್ಲಿ ಎರಡು ಬೆರಳಿಗಿಂತ ದಪ್ಪವಾಗದಂತೆ ಹರಡಿ. ಅಂಟದಂತೆ ಒಂದು ಚಮಚ ಎಣ್ಣೆ ಸವರಿ. ಬರೀ ಪಾಸ್ತಾ ಆದರೆ ತೂತಿನ ಪಾತ್ರೆಗೆ ಬಸಿದು, ಕುಡಿಯುವ ತಣ್ಣೀರು ಹರಿಸಿದರೆ ಇನ್ನೂ ಬೇಗ ತಣಿಯುತ್ತದೆ.

3. ಚಿಕ್ಕ, ಚಪ್ಪಟೆ ಡಬ್ಬಿಗಳಲ್ಲಿ ಹಾಕಿ. ದೊಡ್ಡ ಪಾತ್ರೆಯನ್ನು ಹಾಗೇ ಒಳಗೆ ತಳ್ಳಿದರೆ ನಡುಭಾಗ ಫ್ರಿಜ್‌ನಲ್ಲಿದ್ದೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಪೂರ್ತಿ ತಣ್ಣಗಾಗಲಿ ಎಂದು ಕಾಯುವುದೂ ಬೇಡ. ಉಗುರುಬೆಚ್ಚಗಿದ್ದಾಗಲೇ ಒಳಗಿಡಿ.

4. ಫ್ರಿಜ್ ನಿಜವಾಗಿ ತಂಪಾಗಿದೆಯೇ ನೋಡಿ. ಒಂದು ಲೋಟ ನೀರನ್ನು ನಡುವಿನ ಹಲಗೆಯ ಮೇಲೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಅದರಲ್ಲಿ ಥರ್ಮಾಮೀಟರ್ ಅದ್ದಿ. 5 ಡಿಗ್ರಿ ಅಥವಾ ಕಡಿಮೆ ಇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಒಳಗಿದ್ದ ಬೆಂದ ನೂಡಲ್ಸ್ ಎಸೆಯಿರಿ.

5. ಒಂದೆರಡು ದಿನದಲ್ಲಿ ಮುಗಿಸಿ. ತಿನ್ನುವಷ್ಟನ್ನೇ ತೆಗೆದು, ಎಲ್ಲ ಕಡೆ ಹಬೆ ಏಳುವಂತೆ ಒಂದೇ ಸಲ ಬಿಸಿ ಮಾಡಿ. ಈ ಬಿಸಿ ವ್ಯರ್ಥವಲ್ಲ: ಸರಿಯಾಗಿ ಇಟ್ಟ ಆಹಾರದಲ್ಲಿ ಸೇರಿರಬಹುದಾದ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುತ್ತದೆ. ರಾತ್ರಿಯಿಡೀ ಹೊರಗಿದ್ದದ್ದನ್ನು ಸರಿಪಡಿಸುವ ಶಕ್ತಿ ಮಾತ್ರ ಅದಕ್ಕಿಲ್ಲ.

6. ಶಾಲೆಯ ಡಬ್ಬಿಗೆ ಬೆಳಿಗ್ಗೆ ಹೊಸದಾಗಿ ಮಾಡಿದ್ದನ್ನೇ ಹಾಕಿ. ಹಿಂದಿನ ದಿನದ್ದನ್ನು 7ಕ್ಕೆ ಬಿಸಿ ಮಾಡಿ ಮುಚ್ಚಿದರೆ ಮಗು ಊಟಕ್ಕೆ ಕೂರುವ 1 ಗಂಟೆಯವರೆಗೆ ಉಳಿದ ಬೀಜಕಗಳಿಗೆ ಮತ್ತೆ ಆರು ಬೆಚ್ಚನೆಯ ಗಂಟೆ ಕೊಟ್ಟಂತಾಗುತ್ತದೆ.

ಅಜ್ಜಿಯ ತಂಗಳನ್ನ?

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಅಕ್ಕಿಯಲ್ಲೂ ಇದೇ ಬ್ಯಾಕ್ಟೀರಿಯಾ ಇರುತ್ತದೆ. ಆದರೆ ಅಜ್ಜಿ ಅನ್ನಕ್ಕೆ ನೀರು ಹಾಕಿಡುತ್ತಿದ್ದಳು, ಒಂದಿಷ್ಟು ಮಜ್ಜಿಗೆಯನ್ನೂ ಬಿಡುತ್ತಿದ್ದಳು. ರಾತ್ರಿ ಅದು ಹುಳಿ ಬರುತ್ತದೆ, ಹುಳಿ ಚೆನ್ನಾಗಿ ಏರಿದಾಗ ಬ್ಯಾಸಿಲಸ್ ಸೀರಿಯಸ್ ಬೆಳೆಯಲಾರದು. ದೋಸೆ ಹಿಟ್ಟನ್ನೂ ಕಾಯುವುದು ಆ ಹುಳಿಯೇ. ಬಾಣಲೆಯಲ್ಲಿ ಉಳಿದ ನೂಡಲ್ಸ್‌ಗೆ ಹುಳಿ ಬರಿಸುವ ಬ್ಯಾಕ್ಟೀರಿಯಾಗಳೇ ಇಲ್ಲ. ಕುದಿತದಲ್ಲಿ ಅವೆಲ್ಲ ಸತ್ತಿರುತ್ತವೆ. ಹಾಗೆಂದು ಬೆಳಿಗ್ಗೆ ಮೇಲೆ ನಿಂಬೆಹಣ್ಣು ಹಿಂಡಿದರೆ ಪ್ರಯೋಜನವಿಲ್ಲ, ಆಗಲೇ ಬಿಟ್ಟ ವಿಷ ಹುಳಿಗೂ ಜಗ್ಗುವುದಿಲ್ಲ.

ತಿಂದಾಗಿದ್ದರೆ

ಸೆರ್ಯುಲೈಡ್ ಹೊಟ್ಟೆ ಸೇರಿದರೆ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿ ಶುರುವಾಗುತ್ತದೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕೊಡಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ನಿಮ್ಮಷ್ಟಕ್ಕೆ ಕೊಡಬೇಡಿ, ಲಿವರ್‌ಗೆ ಹೊರೆಯಾಗಬಹುದು. ವಾಂತಿ ನಿಲ್ಲದಿದ್ದರೆ, ಮಗು ಮಂಕಾಗಿ ನಿದ್ದೆಗೆ ಜಾರುತ್ತಿದ್ದರೆ, ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಏನು ತಿಂದದ್ದು, ಅದು ಯಾವಾಗ ಬೇಯಿಸಿದ್ದು, ಎಷ್ಟು ಹೊತ್ತು ಹೊರಗಿತ್ತು, ತಿಂದ ಎಷ್ಟು ಹೊತ್ತಿಗೆ ವಾಂತಿ ಬಂತು, ಈ ನಾಲ್ಕನ್ನು ವೈದ್ಯರಿಗೆ ಹೇಳಿ. ಬಾಣಲೆಯಲ್ಲಿ ಸ್ವಲ್ಪ ಉಳಿದಿದ್ದರೆ ತೊಳೆದುಬಿಡಬೇಡಿ. ಚಿಕ್ಕ ಡಬ್ಬಿಗೆ ಹಾಕಿ, ಯಾರೂ ತಿನ್ನದಂತೆ ಮೇಲೆ ಚೀಟಿ ಅಂಟಿಸಿ ಫ್ರಿಜ್‌ನಲ್ಲಿಡಿ. ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಕೇಳಿದರೆ ಕೊಡಲು ಇರುವುದು ಅದೊಂದೇ.