ಕಾಂಪೌಂಡ್ ಚರಂಡಿ ಕಟ್ಟಿಕೊಂಡಿದ್ದು ಬಿಡಿಸಿದ ನನ್ನ ಅನುಭವ

ಪುಣೆಯ ಕೋಥ್ರೂಡ್‌ನಲ್ಲಿ ನೆಲಮಹಡಿ ಬಾಡಿಗೆ ಮನೆ ನಮ್ಮದು. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಬಚ್ಚಲ ನೀರು ಹೋಗೋದೇ ನಿಂತಿತು. ಮಾಲೀಕರು ವಿಜಯಪುರ ಕಡೆಯವರು. ಎರಡು ಸಲ ಫೋನ್ ಮಾಡಿದೆ. "ನಿಮ್ಮ ಬಚ್ಚಲದಾಗ ಕೂದಲಾ ಸಿಕ್ಕಿರಬೇಕು, ನೋಡ್ರಿ" ಅಂದರು. ಅದು ನನ್ನ ಖರ್ಚು ಅಂತ ಅರ್ಥ ಅಲ್ವಾ?

ಹಾಗಾಗಿ ಮೊದಲು ಎಲ್ಲಿ ಕಟ್ಟಿದೆ ಅಂತ ನೋಡಿದೆ. ಕಾಂಪೌಂಡ್‌ನಲ್ಲಿ ಮನೆಯಿಂದ ಗೇಟಿನ ಕಡೆಗೆ ನೀರು ಹರಿಯೋ ಪೈಪಿನ ಮೇಲೆ ಸಾಲಾಗಿ ಮೂರು ಚೇಂಬರ್ ಇವೆ. ವಾಚ್‌ಮನ್ ಜೊತೆ ಸೇರಿ ಮುಚ್ಚಳ ತೆಗೆದೆವು. ನಮ್ಮ ಮನೆ ಹತ್ತಿರದ್ದು, ನಡುವಿನದು ಎರಡೂ ತುಂಬಿದ್ದವು, ಗೇಟಿನ ಹತ್ತಿರದ್ದು ಮಾತ್ರ ಒಣಗಿತ್ತು. ಅಂದರೆ ಕಟ್ಟಿರೋದು ನಡುವಿನದಕ್ಕೂ ಗೇಟಿನದಕ್ಕೂ ಮಧ್ಯದ ಪೈಪಿನಲ್ಲಿ, ಅಶೋಕ ಮರದ ಬುಡದಲ್ಲೇ. ಮೂರೂ ತುಂಬಿದ್ದರೆ ತೊಂದರೆ ರಸ್ತೆ ಲೈನಿನದು, ಆಗ ಮಹಾನಗರಪಾಲಿಕೆಗೆ ಹೇಳಬೇಕು.

ಮೂರರ ಫೋಟೋನೂ ತೆಗೆದು, "ಕಾಕಾ, ಇದು ಎಲ್ಲರ ಲೈನು, ಮೇಲಿನ ಮನೆಯವರ ನೀರೂ ಇಲ್ಲೇ ಬರುತ್ತೆ, ಶನಿವಾರದೊಳಗೆ ಮಾಡಿಸಿ" ಅಂತ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದೆ. ಮರುದಿನವೇ ಪ್ಲಂಬರ್ ಬಂದ. ಬಿದಿರಿನ ಉದ್ದ ಸೀಳು ತೂರಿಸಿ ಎಳೆದಾಗ ಕೂದಲಿನಂಥ ಬೇರಿನ ದೊಡ್ಡ ಗಂಟು ಬಂತು, ಅದರ ತುಂಬ ಕೊಳೆತ ಎಲೆ. ಜೋಡಣೆಯ ಬಿರುಕಿನಿಂದ ಬೇರು ಒಳಗೆ ನುಗ್ಗಿತ್ತು. ಸುಮ್ನೆ ಎಳೆದುಬಿಟ್ಟರೆ ಮತ್ತೆ ಬೆಳೆಯುತ್ತೆ, ಆ ತುಂಡು ಪೈಪನ್ನೇ ಬದಲಿಸಿ ಅಂತ ಪಟ್ಟು ಹಿಡಿದೆ. ಬದಲಿಸಿದರು.

ಎಲೆ ಉದುರಿಸೋ ಆ ಮರದ ಕೊಂಬೆ ಮಾತ್ರ ಇನ್ನೂ ಹಾಗೇ ಇದೆ. ಅದನ್ನು ಕಡಿಸೋಕೆ ಪಾಲಿಕೆಯ ಅನುಮತಿ ಬೇಕು, ಮಾಲೀಕರು ಅರ್ಜಿ ಹಾಕಿದ್ದಾರೆ.