ಕಂಕುಳ ಕಲೆ ಹೋಗಬೇಕು, ನೆರಿಗೆ ಉಳಿಯಬೇಕು

ಮೊನ್ನೆ ಮೊಮ್ಮಗ ತನ್ನ ಬಿಳಿ ಹತ್ತಿ ಶರ್ಟ್ ತಂದು ನನ್ನ ಮುಂದೆ ಹಾಕಿದ. ಎದೆಯ ಎರಡೂ ಕಡೆ ಸಣ್ಣ ಸಣ್ಣ ನೆರಿಗೆ ಹಿಡಿದು ಹೊಲಿದ, ನೋಡೋಕೆ ಚೆಂದದ ಶರ್ಟ್. ಕಂಕುಳ ಹತ್ತಿರ ಮಾತ್ರ ಹಳದಿ. ಮುಟ್ಟಿ ನೋಡಿದರೆ ಒಣ ಕಾಗದದ ಹಾಗೆ ಬಿರುಸು. "ಏನು ಮಾಡಿದೆ ಇದಕ್ಕೆ?" ಅಂದೆ. ಬ್ಲೀಚ್ ಸುರಿದು, ಬಿಸಿನೀರಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿದನಂತೆ. ಹೋಗಲಿಲ್ಲ ಅಂತ ಇಸ್ತ್ರಿ ಬೇರೆ ಮಾಡಿದ್ದಾನೆ. ತಪ್ಪು ಮಾಡಬೇಕು ಅಂತ ಕೂತಿದ್ದರೂ ಇಷ್ಟು ಅಚ್ಚುಕಟ್ಟಾಗಿ ಮಾಡೋಕೆ ಆಗುತ್ತಿರಲಿಲ್ಲ.

ಬರೀ ಬೆವರಿನಿಂದ ಇಷ್ಟು ಗಟ್ಟಿ ಹಳದಿ ಬರೋದು ಅಪರೂಪ. ಬೆವರು ತಡೆಯೋಕೆ ಹಚ್ಚಿಕೊಳ್ಳುವ ರೋಲ್-ಆನ್‌ನಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದು ಬೆವರಿನ ಜೊತೆ ಸೇರಿ ನೂಲಿನೊಳಗೆ ಕೂತುಬಿಡುತ್ತದೆ. ಮೇಲೆ ಮೈಯ ಜಿಡ್ಡು. ಬ್ಲೀಚ್ ಹಾಕಿದರೆ ಈ ಹಳದಿ ಕಡಿಮೆ ಆಗೋದಿಲ್ಲ, ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ. ನೂಲೂ ಸೊರಗುತ್ತದೆ. ಬಿಸಿನೀರು, ಇಸ್ತ್ರಿ ಎರಡೂ ಕಲೆಯನ್ನು ಅಲ್ಲೇ ಕೂರಿಸುತ್ತವೆ. ಅದಕ್ಕೇ ಕಲೆ ಪೂರ್ತಿ ಹೋಗುವ ತನಕ ತಣ್ಣೀರು ಮಾತ್ರ, ಇಸ್ತ್ರಿ ಪೆಟ್ಟಿಗೆ ಕಪಾಟಿನಲ್ಲೇ ಇರಲಿ.

ಇನ್ನೊಂದು ಹುಚ್ಚು ನೋಡಿದ್ದೇನೆ. ವಿನೆಗರ್, ಅಡುಗೆ ಸೋಡಾ ಎರಡನ್ನೂ ಒಟ್ಟಿಗೆ ಸುರಿಯೋದು. ಬುಸ್ ಅಂತ ನೊರೆ ಬಂದ ಕೂಡಲೇ ಕೊಳೆ ಹೋಯಿತು ಅಂತ ಖುಷಿ. ಒಂದು ಹುಳಿ, ಇನ್ನೊಂದು ಕ್ಷಾರ. ಒಂದನ್ನೊಂದು ಕೊಂದುಕೊಂಡು ಉಳಿಯೋದು ಹೆಚ್ಚುಕಮ್ಮಿ ಉಪ್ಪುನೀರು. ಎರಡೂ ಬೇಕು ನಿಜ, ಆದರೆ ಒಂದಾದ ಮೇಲೆ ಒಂದು. ಬ್ಲೀಚ್ ಸೋಕಿದ ಬಟ್ಟೆಗೆ ಮಾತ್ರ ಚೆನ್ನಾಗಿ ಜಾಲಿಸದೆ ವಿನೆಗರ್ ತೋರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ನೀರು ಮುಟ್ಟಿಸುವ ಮುಂಚೆ ನಾನು ಮಾಡುವ ಕೆಲಸ ಒಂದಿದೆ. ಮನೆಯವರೆಲ್ಲ ನಗುತ್ತಾರೆ, ನಗಲಿ. ಸೂಜಿ ದಾರ ತಗೊಂಡು ನೆರಿಗೆಗಳಿಗೆಲ್ಲ ಕಚ್ಚಾ ಹೊಲಿಗೆ ಹಾಕುತ್ತೇನೆ. ಇದು ನಮ್ಮ ಅತ್ತೆ ಕಲಿಸಿದ್ದು. ಮದುವೆಯಾದ ಹೊಸತರಲ್ಲಿ ಮಾವನ ನೆರಿಗೆಯ ಅಂಗಿಯೊಂದನ್ನು ಒಗೆದು ಹಿಂಡಿಬಿಟ್ಟಿದ್ದೆ. ನೆರಿಗೆ ಒಂದೂ ಇದ್ದ ಜಾಗದಲ್ಲಿ ಇರಲಿಲ್ಲ. ಅತ್ತೆ ಬೈಯಲಿಲ್ಲ, ಸೂಜಿ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು. ಬೈದಿದ್ದರೇ ವಾಸಿ ಇತ್ತು.

ದಾರ ಬಿಳಿಯದೇ ಆಗಬೇಕು, ಕಪ್ಪು ಶರ್ಟಿಗೂ ಬಿಳಿಯದೇ. ಬಣ್ಣದ ದಾರ ನೀರಿಗೆ ಬಿದ್ದರೆ ಬಣ್ಣ ಬಿಡಬಹುದು, ಆಮೇಲೆ ಇನ್ನೊಂದು ಕಲೆ ತೆಗೆಯುತ್ತಾ ಕೂರಬೇಕು. ಸೂಜಿ ಮನೆಯಲ್ಲಿರುವುದರಲ್ಲೆಲ್ಲ ಸಣ್ಣದು. ಶರ್ಟನ್ನು ಮೇಜಿನ ಮೇಲೆ ಹಾಸಿ, ನೆರಿಗೆ ಹೇಗೆ ಮಲಗಿದೆಯೋ ಹಾಗೇ ಅಂಗೈಯಲ್ಲಿ ಸವರಿ ಕೂರಿಸಿ. ಆಮೇಲೆ ನೆರಿಗೆಯ ಅಂಚಿನ ಪಕ್ಕದಲ್ಲೇ, ಮೇಲಿನ ಮಡಿಕೆ ಮತ್ತು ಕೆಳಗಿನ ಬಟ್ಟೆ ಎರಡನ್ನೂ ಹಿಡಿದು ಒಂದೊಂದು ಬೆರಳಗಲಕ್ಕೆ ಒಂದು ಹೊಲಿಗೆ. ತುದಿಗೆ ಗಂಟು ಬೇಡ, ಒಂದು ಗೇಣು ದಾರ ಸುಮ್ನೆ ಬಿಡಿ. ದಾರ ಎಳೆದು ಬಿಗಿ ಮಾಡಬೇಡಿ, ಬಟ್ಟೆ ಸುಕ್ಕಾಗುತ್ತದೆ. ದಾರದ ಕೆಳಗೆ ಉಗುರು ತೂರಬೇಕು, ಅಷ್ಟು ಸಡಿಲ. ಬೆನ್ನಿನ ಮೇಲೊಂದು ಅಗಲ ಮಡಿಕೆ ಇರುತ್ತದಲ್ವಾ, ಅದಕ್ಕೂ ಮೇಲಿಂದ ನಾಲ್ಕು ಬೆರಳಷ್ಟು ಹಾಕಿ. ಕಾಲು ಗಂಟೆ ಹಿಡಿಯುತ್ತದೆ. ಆಮೇಲೆ ಇಸ್ತ್ರಿಯಲ್ಲಿ ಒಂದು ಗಂಟೆ ಉಳಿಯುತ್ತದೆ.

ಈಗ ಕಲೆ. ಶರ್ಟ್ ಒಳಮಗ್ಗುಲು ಹೊರಗೆ ಮಾಡಿ. ಬೆವರು ಹೋಗಿದ್ದು ಒಳಗಿನಿಂದ, ಕೆಲಸವೂ ಒಳಗಿನಿಂದಲೇ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ತಣ್ಣೀರು ಸೇರಿಸಿ, ಕಂಕುಳ ಭಾಗ ಮಾತ್ರ ಅರ್ಧ ಗಂಟೆ ಅದ್ದಿಡಿ. ಕಾಲರ್, ಕಫ್ ಹೊರಗೇ ಇರಲಿ. ಅವುಗಳ ಒಳಗಿನ ಅಂಟಿಸಿದ ಪಟ್ಟಿ ನೆನೆದು ನೆನೆದು ಬಿಟ್ಟುಕೊಂಡರೆ ಗುಳ್ಳೆ ಗುಳ್ಳೆ ಏಳುತ್ತದೆ, ಆಮೇಲೆ ಸರಿಹೋಗೋದಿಲ್ಲ. ಅರ್ಧ ಗಂಟೆ ಆದಮೇಲೆ ಬೆರಳಲ್ಲಿ ಮುಟ್ಟಿ ನೋಡಿ. ಬಿರುಸು ಹೋಗಿ ಬಟ್ಟೆ ಮೆತ್ತಗಾಗಿರಬೇಕು. ಇಲ್ಲದಿದ್ದರೆ ಇನ್ನಷ್ಟು ಹೊತ್ತು ಬಿಡಿ. ಆಮೇಲೆ ವಿನೆಗರ್ ವಾಸನೆ ಹೋಗುವಷ್ಟು ಜಾಲಿಸಿ.

ಇನ್ನು ಹಳದಿಗೆ. ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಇದೆಯಲ್ಲ, ಅದಕ್ಕಿಂತ ಗಟ್ಟಿಯದು ಬೇಡ. ಅದರಲ್ಲಿ ಅಡುಗೆ ಸೋಡಾ ಕಲಸಿ, ಹಲ್ಲುಜ್ಜುವ ಪೇಸ್ಟಿನಷ್ಟು ಮಂದ ಬರಲಿ. ಜಿಡ್ಡಿಗೆ ಅಂತ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಹಚ್ಚುವ ಹೊತ್ತಿಗೇ ಕಲಸಬೇಕು, ಮಿಕ್ಕಿದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಇಟ್ಟರೆ ಗಾಳಿ ತುಂಬಿ ಉಬ್ಬುತ್ತದೆ. ಕಲೆಯ ಕೆಳಗೆ ಬಿಳಿ ಟವೆಲ್ ಮಡಿಸಿಟ್ಟು, ಪೇಸ್ಟನ್ನು ಹಚ್ಚಿ ಚಮಚದ ಬೆನ್ನಿನಿಂದ ಮೆಲ್ಲಗೆ ತಟ್ಟಿ. ತಟ್ಟಿ ಅಂದೆ, ಉಜ್ಜಿ ಅನ್ನಲಿಲ್ಲ. ಉಜ್ಜಿದರೆ ನೂಲಿನ ಎಳೆ ಎದ್ದು ಬಟ್ಟೆ ಜುಂಗು ಜುಂಗಾಗುತ್ತದೆ. ಕಲೆ ಹೋದರೂ ಅಲ್ಲೊಂದು ಮಬ್ಬು ಮಚ್ಚೆ ಉಳಿಯುತ್ತದೆ. ಮೊಮ್ಮಗನ ಶರ್ಟಿನ ಬಲ ಕಂಕುಳಲ್ಲಿ ಈಗ ಹಾಗೇ ಆಗಿದೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಅರ್ಧ ಗಂಟೆ ಬಿಡಿ, ಒಣಗೋಕೆ ಬಿಡಬೇಡಿ, ಜಾಲಿಸಿ.

ಇದೆಲ್ಲ ಬಿಳಿ ಹತ್ತಿಗೆ. ಬಣ್ಣದ ಬಟ್ಟೆಯಾದರೆ ಮೊದಲು ಒಳ ಅಂಚಿನಲ್ಲಿ ಒಂದು ಹನಿ ಪೆರಾಕ್ಸೈಡ್ ಹಾಕಿ ನೋಡಿ, ಬಣ್ಣ ಬಿಟ್ಟರೆ ವಿನೆಗರ್‌ಗೇ ನಿಲ್ಲಿಸಿ. ರೇಷ್ಮೆ, ಉಣ್ಣೆಗೆ ಸೋಡಾ ಪೇಸ್ಟ್ ಬೇಡವೇ ಬೇಡ, ಡ್ರೈಕ್ಲೀನಿಂಗ್‌ಗೆ ಕೊಡಿ.

ಹಿಂಡಬೇಡಿ. ಒಣ ಟವೆಲ್ ಮೇಲೆ ಶರ್ಟ್ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಮೇಲೆ ಅಂಗೈ ಒತ್ತಿ. ನೀರೆಲ್ಲ ಟವೆಲ್‌ಗೆ ಹೋಗುತ್ತದೆ, ಅದು ನೀರು ಹೀರುವ ಟವೆಲ್ ಆಗಿದ್ದರೆ. ಈಗಿನವರು ಟವೆಲ್‌ಗೂ ಬಟ್ಟೆ ಮೆದು ಮಾಡುವ ಕಂಡೀಷನರ್ ಹಾಕಿ ಹಾಕಿ ನೀರೇ ಹೀರದ ಹಾಗೆ ಮಾಡಿಟ್ಟಿರುತ್ತಾರೆ. ಟವೆಲ್‌ಗೆ ಅದು ಬೇಡ ಅಂತ ನಾನು ಸೊಸೆಗೆ ಎಷ್ಟು ಸಲ ಹೇಳಿದ್ದೇನೋ.

ಆಮೇಲೆ ಅಗಲ ಭುಜದ ಹ್ಯಾಂಗರ್‌ಗೆ ಹಾಕಿ, ಮೇಲಿನ ಗುಂಡಿ ಹಾಕಿ, ಶರ್ಟಿನ ಪಕ್ಕದ ಹೊಲಿಗೆಗಳನ್ನು ಕೆಳಕ್ಕೆ ನವಿರಾಗಿ ಎಳೆದು ನೇರ ಮಾಡಿ, ನೆರಳಲ್ಲಿ ಒಣಗಿಸಿ. ಒದ್ದೆ ಇದ್ದಾಗ ಕಲೆ ಕಾಣೋದಿಲ್ಲ, ಹೋಯಿತು ಅಂತ ಮೋಸ ಹೋಗಬೇಡಿ. ಪೂರ್ತಿ ಒಣಗಿದ ಮೇಲೆ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಹಳದಿ ಉಳಿದಿದ್ದರೆ ಪೇಸ್ಟ್ ಇನ್ನೊಂದು ಸಲ. ಬೆಳಕು ಆ ಜಾಗದಲ್ಲಿ ಜಾಸ್ತಿ ತೂರಿ ಬಂದರೆ ನೂಲೇ ಸವೆದಿದೆ ಅಂತ ಅರ್ಥ, ಇನ್ನು ಕೈ ಹಾಕಬೇಡಿ, ಹರಿಯುತ್ತದೆ.

ಕಲೆ ಹೋಗಿದ್ದರೆ ಶರ್ಟಿಗೆ ನೀರು ಚಿಮುಕಿಸಿ ತುಸು ತೇವ ಮಾಡಿ, ಇಸ್ತ್ರಿಗೆ ಮುಂಚೆ ಕಚ್ಚಾ ಹೊಲಿಗೆ ಬಿಚ್ಚಿ. ದಾರದ ಮೇಲೇ ಇಸ್ತ್ರಿ ಹಾಕಿದರೆ ಬಟ್ಟೆಯಲ್ಲಿ ದಾರದ ಗುರುತು ಮೂಡುತ್ತದೆ. ಒಂದೇ ಎಳೆತಕ್ಕೆ ಎಳೆಯಬೇಡಿ, ಮೂರು ನಾಲ್ಕು ಹೊಲಿಗೆಗೊಮ್ಮೆ ಕತ್ತರಿಸಿ ತುಂಡು ತುಂಡಾಗಿ ತೆಗೆಯಿರಿ. ಇಸ್ತ್ರಿ ಒಳಮಗ್ಗುಲಿಂದ, ಒತ್ತಿ ಎತ್ತಬೇಕು, ಎಳೆದಾಡಬಾರದು.

ಮೊಮ್ಮಗನದು ಎರಡು ಸುತ್ತು ಆಯಿತು. ಎಡಗಡೆ ಇನ್ನೂ ತೆಳು ಹಳದಿ ಇದೆ, ಅದಕ್ಕೇ ದಾರ ಬಿಚ್ಚಿಲ್ಲ. ಬಂದು ಶರ್ಟ್ ಕೇಳಿದ. ಭಾನುವಾರ ಕೊಡ್ತೀನಿ, ಇನ್ನು ಮೇಲೆ ರೋಲ್-ಆನ್ ಹಚ್ಚಿದ ಮೇಲೆ ಅದು ಒಣಗೋ ತನಕ ಶರ್ಟ್ ಹಾಕ್ಕೋಬೇಡ ಅಂದೆ.