ಒಂದೇ ಲೆಕ್ಕದಲ್ಲಿ ಎರಡು ವೇಗ: ಟ್ಯೂಬ್ ಬ್ಯಾಂಕ್‌ನಲ್ಲಿ ನನ್ನ ಅನುಭವ

ಸ್ಟೀಮ್‌ನಿಂದ ಗಾಳಿ ಬಿಸಿ ಮಾಡುವ ಒಂದು ಹೀಟರ್‌ನ ಲೆಕ್ಕ ನನ್ನ ಪಾಲಿಗೆ ಬಂದಿತ್ತು. 20 ಮಿ.ಮೀ. ಹೊರವ್ಯಾಸದ ತಾಮ್ರದ ಟ್ಯೂಬ್‌ಗಳು, ಗಾಳಿಯ ದಾರಿಯಲ್ಲಿ ಒಂದರ ಹಿಂದೆ ಒಂದು 7 ಸಾಲು. ಸಾಲಿಗೆ 10 ಟ್ಯೂಬ್, ಪ್ರತಿಯೊಂದೂ ಅರ್ಧ ಮೀಟರ್ ಉದ್ದ. ಒಂದೇ ಸಾಲಿನ ಟ್ಯೂಬ್‌ಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 60 ಮಿ.ಮೀ. ಸಾಲಿಂದ ಸಾಲಿಗೆ ಬರೀ 20. ಹಿಂದಿನ ಸಾಲಿನ ಟ್ಯೂಬ್ ಮುಂದಿನ ಸಾಲಿನ ಸಂದಿಗೆ ಸರಿಯಾಗಿ ಎದುರಾಗಿ ಕೂತಿರುತ್ತದೆ, ಅಂದರೆ ಸ್ಟ್ಯಾಗರ್ಡ್ ಜೋಡಣೆ. ಗಾಳಿ 20 ಡಿಗ್ರಿಯಲ್ಲಿ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಒಳಗೆ ಬರುತ್ತದೆ. ಸ್ಟೀಮ್ ಕಡೆಯ ಶಾಖ ವರ್ಗಾವಣೆ ತುಂಬಾ ಜೋರು, ಹಾಗಾಗಿ ಟ್ಯೂಬ್‌ನ ಮೈ 100 ಡಿಗ್ರಿ ಅಂತ ಇಟ್ಟುಕೊಂಡೆ.

ಮೊದಲು ಬೇಕಾಗಿದ್ದು ಗರಿಷ್ಠ ವೇಗ. ಅದು ಅತಿ ಇಕ್ಕಟ್ಟಾದ ಜಾಗದಲ್ಲಿ ಸಿಗುತ್ತದೆ. ಆದರೆ ಆ ಜಾಗ ಯಾವುದು? ಪೇಪರ್ ಮೇಲೆ ಮೂರು ವೃತ್ತ ಬರೆದು ನೋಡಿದೆ. ಮುಂದಿನ ಸಾಲಿನ ಎರಡು ಟ್ಯೂಬ್‌ಗಳ ನಡುವಿನ ಸಂದಿ 40 ಮಿ.ಮೀ. ಅದರೊಳಗೆ ನುಗ್ಗಿದ ಗಾಳಿ ಎದುರಿನ ಟ್ಯೂಬ್‌ಗೆ ಬಡಿದು ಎರಡಾಗಿ, ಎರಡು ಓರೆ ಸಂದಿಗಳಲ್ಲಿ ಹೋಗಬೇಕು. ಓರೆ ದೂರ 36.06 ಮಿ.ಮೀ. ಅದರಲ್ಲಿ ವ್ಯಾಸ ಕಳೆದರೆ ಒಂದೊಂದು ಸಂದಿ 16.06, ಎರಡೂ ಸೇರಿ 32 ಚಿಲ್ಲರೆ. ಇದು 40ಕ್ಕಿಂತ ಕಡಿಮೆ, ಅಲ್ವಾ? ಹಾಗಾದರೆ ಇಕ್ಕಟ್ಟು ಇರುವುದು ಓರೆಯಲ್ಲಿ.

```
SD   = sqrt(20² + 30²) = 36.06 mm
Vmax = 5 × 60 / (2 × 16.06) = 9.34 m/s
```

ಸುಮ್ನೆ ನೇರ ಸಂದಿಯನ್ನೇ ಹಿಡಿದಿದ್ದರೆ 7.5 ಬರುತ್ತಿತ್ತು, ಗಾಳಿಯ ಕಡೆಯ ಶಾಖ ವರ್ಗಾವಣೆ ಗುಣಾಂಕ h ಸುಮಾರು 12% ಕಡಿಮೆಯಾಗುತ್ತಿತ್ತು. ಸಾಲುಗಳು ದೂರ ದೂರ ಇದ್ದರೆ ನೇರ ಸಂದಿಯೇ ಸರಿ. ಹತ್ತಿರ ತಂದಾಗ ಮಾತ್ರ ಓರೆ ಸಂದಿ ಮುಖ್ಯವಾಗುತ್ತದೆ.

ಈ h ಲೆಕ್ಕಕ್ಕೆ ಝುಕೌಸ್ಕಾಸ್ ಸೂತ್ರ ಬಳಸಿದೆ. ಗಾಳಿಯ ಗುಣಗಳನ್ನು ಒಳಬರುವ ಮತ್ತು ಹೊರಹೋಗುವ ತಾಪಮಾನಗಳ ಸರಾಸರಿಯಲ್ಲಿ ತೆಗೆದುಕೊಳ್ಳಬೇಕು. ಹೊರಹೋಗುವುದು ಇನ್ನೂ ಗೊತ್ತಿಲ್ಲ, ಹಾಗಾಗಿ ಊಹಿಸಿ ಶುರು ಮಾಡಿ ಆಮೇಲೆ ತಿದ್ದಬೇಕು. ನಾನು 35 ಡಿಗ್ರಿ ಸರಾಸರಿಯಿಂದ ಶುರು ಮಾಡಿ 25ಕ್ಕೆ ಇಳಿದೆ. h ಬದಲಾಗಿದ್ದು 121ರಿಂದ 122ಕ್ಕೆ ಅಷ್ಟೇ, ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೆಳಗಿನ ಸೂತ್ರದ ಕೊನೆಯ 0.95 ಅನ್ನುವುದು 7 ಸಾಲಿನ ತಿದ್ದುಪಡಿ. ಮೊದಲ ಸಾಲುಗಳಲ್ಲಿ ಗಾಳಿ ಇನ್ನೂ ಅಷ್ಟು ಕಲಕಿರುವುದಿಲ್ಲ, ಅದಕ್ಕೇ ಸಾಲು 20ಕ್ಕಿಂತ ಕಡಿಮೆ ಇದ್ದರೆ ಸರಾಸರಿ ಸ್ವಲ್ಪ ತಗ್ಗುತ್ತದೆ.

```
Re = 9.34 × 0.02 / 15.7e-6 ≈ 11900
Nu = 0.40 × Re^0.6 × Pr^0.36 × (Pr/Prs)^0.25 × 0.95 ≈ 94
h  = 94 × 0.0261 / 0.02 ≈ 122 W/m²K
```

ನಾನು ಎಡವಿದ್ದು ಇದರ ನಂತರ, ಹೊರಹೋಗುವ ತಾಪಮಾನದ ಲೆಕ್ಕದಲ್ಲಿ. ಕೈಯಲ್ಲಿ 9.34 ಇತ್ತು, ಗಾಳಿಯ ದ್ರವ್ಯರಾಶಿ ಹರಿವಿಗೂ ಅದನ್ನೇ ಹಾಕಿಬಿಟ್ಟೆ. ಉತ್ತರ 26 ಡಿಗ್ರಿ ಬಂತು. ಹೀಟರ್ ಓಡಿಸಿ ನೋಡಿದರೆ ಥರ್ಮಾಮೀಟರ್ 30ರ ಮೇಲೆ ತೋರಿಸುತ್ತಿದೆ. ಮೊದಲು ಸೂತ್ರವೇ ಒರಟು ಅಂದುಕೊಂಡೆ. ಆದರೆ h 15% ಆಚೀಚೆ ಆದರೂ ಹೊರಗಿನ ತಾಪಮಾನ ಒಂದೂವರೆ ಡಿಗ್ರಿಯಷ್ಟೇ ಬದಲಾಗುತ್ತದೆ. ನಾಲ್ಕು ಡಿಗ್ರಿಗೂ ಜಾಸ್ತಿ ವ್ಯತ್ಯಾಸಕ್ಕೆ ಅದು ಕಾರಣ ಆಗಲಾರದು.

ಥರ್ಮಾಮೀಟರ್ ಮೇಲೂ ಅನುಮಾನ ಬಂತು. ಅದಕ್ಕೆ ಟ್ಯೂಬ್‌ಗಳಿಂದ ಬರುವ ಕಂಡೆನ್ಸೇಟ್ ನೀರನ್ನು ಬಕೆಟ್‌ನಲ್ಲಿ ಎರಡು ನಿಮಿಷ ಹಿಡಿದು ತೂಗಿದೆ. 1.01 ಕೆ.ಜಿ. ಇತ್ತು. ಒಂದು ಕೆ.ಜಿ. ಸ್ಟೀಮ್ ನೀರಾದರೆ 2257 ಕಿಲೋಜೂಲ್ ಕೊಡುತ್ತದೆ, ಅಂದರೆ ಸುಮಾರು 19 ಕಿಲೋವಾಟ್. 5 ಮೀಟರ್ ವೇಗದಲ್ಲಿ ಒಳಗೆ ಬರುವ ಗಾಳಿ ಸೆಕೆಂಡಿಗೆ 1.8 ಕೆ.ಜಿ., ಅದಕ್ಕೆ ಅಷ್ಟು ಶಾಖ ಸೇರಿದರೆ ಅದು ಹತ್ತೂವರೆ ಡಿಗ್ರಿಯಷ್ಟು ಏರಬೇಕು. ಥರ್ಮಾಮೀಟರ್ ಸರಿಯಾಗಿಯೇ ಇತ್ತು, ತಪ್ಪು ನನ್ನ ಹಾಳೆಯಲ್ಲಿತ್ತು.

ಟ್ಯೂಬ್‌ನ ಮೈಗೆ ಉಜ್ಜಿ ಹೋಗುವ ಗಾಳಿ ಎಷ್ಟು ಜೋರಾಗಿದೆ ಅನ್ನುವುದಕ್ಕೆ 9.34 ಬೇಕು, ಅದು ರೆನಾಲ್ಡ್ಸ್ ಸಂಖ್ಯೆಗೆ ಮಾತ್ರ. ಒಳಗೆ ಬಂದ ಗಾಳಿ ಒಟ್ಟು ಎಷ್ಟು ಅನ್ನುವುದಕ್ಕೆ ಪೂರ್ತಿ ಡಕ್ಟ್ ಅಗಲದ ಜೊತೆ 5 ಮೀಟರ್ ವೇಗ, ಒಳಬರುವ ಗಾಳಿಯ ಸಾಂದ್ರತೆ 1.204. ಇಕ್ಕಟ್ಟಿನ ವೇಗವನ್ನು ಪೂರ್ತಿ ಅಗಲಕ್ಕೆ ಗುಣಿಸಿದರೆ ಇಲ್ಲದ ಗಾಳಿ ಸೃಷ್ಟಿಯಾಗುತ್ತದೆ.

```
(100 - To)/(100 - 20) = exp( -π·0.02·7·122 / (1.204·5·0.06·1007) )
                      = exp(-0.1475) = 0.863
To ≈ 31.0 °C
```

ಈ ಉತ್ತರದಿಂದ ಸರಾಸರಿ ತಾಪಮಾನ ವ್ಯತ್ಯಾಸ ಲಾಗ್ ವಿಧಾನದಲ್ಲಿ 74.4 ಡಿಗ್ರಿ ಬರುತ್ತದೆ. 70 ಟ್ಯೂಬ್‌ಗಳ ಮೈ 2.2 ಚದರ ಮೀಟರ್. ಗುಣಿಸಿದರೆ 20 ಕಿಲೋವಾಟ್, ಗಾಳಿಯ ಕಡೆಯಿಂದ ಲೆಕ್ಕ ಹಾಕಿದರೂ ಅಷ್ಟೇ. ಆದರೆ ಎರಡೂ ಕಡೆ ಒಂದೇ ತಪ್ಪು ಹರಿವು ಹಾಕಿದ್ದರೆ ಆಗಲೂ ಇವು ಹೊಂದಿಕೊಂಡೇ ಬರುತ್ತವೆ, ನನ್ನ 26 ಡಿಗ್ರಿಗೂ ಹಾಗೇ ಆಗಿತ್ತು. ತಪ್ಪು ಹಿಡಿದುಕೊಟ್ಟಿದ್ದು ಬಕೆಟ್‌ನ ತೂಕ.

ಲೆಕ್ಕದ 20 ಕಿಲೋವಾಟ್‌ಗೂ ಬಕೆಟ್ ಹೇಳಿದ 19ಕ್ಕೂ ನಡುವಿನ ಅಂತರ ಸೂತ್ರದ ಮಿತಿಯೊಳಗೇ ಇದೆ. ಆದರೂ ಡಕ್ಟ್ ಗೋಡೆಯ ಪಕ್ಕದ ಸಂದಿಗೆ ಕೈ ಇಟ್ಟು ನೋಡಿದಾಗ ಅಲ್ಲಿಂದ ಬರುವ ಗಾಳಿ ತಣ್ಣಗಿತ್ತು. ಒಂದು ಪಾಲು ಗಾಳಿ ಟ್ಯೂಬ್ ಮುಟ್ಟದೆ ಆ ಸಂದಿಯಲ್ಲೇ ನುಸುಳಿ ಹೋಗುತ್ತಿತ್ತು. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಗೋಡೆಗೆ ತಗಡಿನ ಪಟ್ಟಿ ಹೊಡೆಸಿದ್ದೇನೆ, ಮುಂದಿನ ಸಲ ಹೀಟರ್ ಓಡಿಸಿದಾಗ ಮತ್ತೆ ತೂಗಬೇಕು.